80 ಅಕ್ಷರದೊಳಗೆ ನಿಜ ಹೇಳುವುದು

ಪ್ಲೇ ಸ್ಟೋರ್‌ನಲ್ಲಿ ಆಪ್ ಹುಡುಕುವವರು ಅದರ ವಿವರಣೆಯನ್ನು ಪೂರ್ತಿ ಓದುವುದು ಅಪರೂಪ. ಹೆಸರು ನೋಡುತ್ತಾರೆ, ನಕ್ಷತ್ರ ನೋಡುತ್ತಾರೆ, ಚಿತ್ರಗಳ ಮೇಲೆ ಬೆರಳಾಡಿಸುತ್ತಾರೆ, ಕೆಳಗಿನ ಒಂದೆರಡು ಸಾಲು ಓದಿ ಇನ್‌ಸ್ಟಾಲ್ ಒತ್ತುತ್ತಾರೆ. ಹಣದ ಲೆಕ್ಕವನ್ನೋ ಆರೋಗ್ಯದ ವಿವರವನ್ನೋ ಒಂದು ಆಪ್‌ಗೆ ಒಪ್ಪಿಸುವ ತೀರ್ಮಾನ ಆ ಒಂದೆರಡು ಸಾಲಿನ ಮೇಲೆ ನಿಂತಿರುತ್ತದೆ. ಆದ್ದರಿಂದ ಆ ಸಾಲುಗಳ ಕರಡು ತಿದ್ದುವವರ ಕೆಲಸ ಕಾಗುಣಿತ ಸರಿಮಾಡುವುದಕ್ಕೆ ಮುಗಿಯುವುದಿಲ್ಲ.

ಗೂಗಲ್ ಪ್ಲೇಯಲ್ಲಿ ಆಪ್‌ನ ಹೆಸರಿಗೆ 30 ಅಕ್ಷರ, ಕಿರು ವಿವರಣೆಗೆ 80, ಪೂರ್ಣ ವಿವರಣೆಗೆ 4000 ಅಕ್ಷರಗಳ ಮಿತಿ ಇದೆ. ಹೆಸರಿಗೆ ಮೊದಲು 50 ಇತ್ತು. 2021ರಲ್ಲಿ ಅದನ್ನು 30ಕ್ಕೆ ಇಳಿಸಿದರು. ಆಪಲ್‌ನ ಆಪ್ ಸ್ಟೋರ್‌ನಲ್ಲಿಯೂ ಹೆಸರಿಗೆ 30, ಉಪಶೀರ್ಷಿಕೆಗೆ 30, ವಿವರಣೆಗೆ 4000.

ಇಂಥ ಬರಹದಲ್ಲಿ ಮೂರು ತಪ್ಪುಗಳು ಮತ್ತೆ ಮತ್ತೆ ಕಾಣುತ್ತವೆ: ಉತ್ಪ್ರೇಕ್ಷೆ, ಒಂದೇ ಪದ ಹಲವು ಸಲ ಬರುವುದು, ಮಿತಿ ಮೀರಿ ಬಾಲ ಕತ್ತರಿಸಿಹೋಗುವುದು. ಇವು ಬೇರೆಬೇರೆ ತಪ್ಪುಗಳಂತೆ ಕಂಡರೂ ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಮರುಕಳಿಸಿದ ಪದ ಜಾಗ ತಿನ್ನುತ್ತದೆ. ಜಾಗ ಸಾಲದಾದಾಗ ಮೊದಲು ಹೋಗುವುದು ಷರತ್ತು. ಷರತ್ತು ಹೋದ ಮೇಲೆ ಉಳಿದ ಮಾತು, ಬರೆದವರು ಬಯಸದಿದ್ದರೂ, ಉತ್ಪ್ರೇಕ್ಷೆಯಾಗುತ್ತದೆ. ಇದನ್ನು ತೋರಿಸಲು ಒಂದು ಮಾದರಿ ಕಟ್ಟಿಕೊಳ್ಳೋಣ. ಕಿರಾಣಿ ಅಂಗಡಿಯವರು ಉದ್ರಿ ಬರೆದಿಡಲು ಮಾಡಿದ ಆಪ್ ಎಂದಿಟ್ಟುಕೊಳ್ಳಿ. ಅದರ ಹೆಸರೂ ಕಿರು ವಿವರಣೆಯೂ ಕರಡಿನಲ್ಲಿ ಹೀಗಿವೆ:

ಉದ್ರಿ ಲೆಕ್ಕ: ಅಂಗಡಿ ಸಾಲದ ನಂ.1 ಆಪ್

ಸುಲಭವಾಗಿ ಉದ್ರಿ ಲೆಕ್ಕ ಬರೆಯಿರಿ, ಸುಲಭವಾಗಿ ಸಾಲ ವಸೂಲಿ ಮಾಡಿ. ಅತ್ಯಂತ ಸುರಕ್ಷಿತ, ಸಂಪೂರ್ಣ ಉಚಿತ ಆಪ್

ಕಣ್ಣಿಗೆ ಎರಡೂ ಚಿಕ್ಕವೇ. ಆದರೆ ಅಂಗಡಿಯ, ಅಂದರೆ ಸ್ಟೋರ್‌ನ, ಎಣಿಕೆ ನಮ್ಮ ಕಣ್ಣಿನ ಎಣಿಕೆಯಲ್ಲ. ಕನ್ನಡದ ‘ಕ್ಷೇತ್ರ’ ನಮಗೆ ಎರಡು ಅಕ್ಷರ. ಕಂಪ್ಯೂಟರ್ ಬಳಸುವ ಯೂನಿಕೋಡ್‌ನಲ್ಲಿ ಅದು ಏಳು: ಕ, ವಿರಾಮ ಚಿಹ್ನೆ, ಷ, ಏತ್ವದ ಚಿಹ್ನೆ, ತ, ಮತ್ತೊಂದು ವಿರಾಮ ಚಿಹ್ನೆ, ರ. ಗುಣಿತದ ಪ್ರತಿ ಚಿಹ್ನೆಯೂ ಒಂದು, ಒತ್ತಕ್ಷರವೊಂದಕ್ಕೆ ಎರಡು. ನಡುವಿನ ಖಾಲಿ ಜಾಗ, ಅಲ್ಪವಿರಾಮ ಎಲ್ಲವೂ ಒಂದೊಂದು. ‘ಸಾಫ್ಟ್‌ವೇರ್’ ಎಂದು ಒತ್ತಿಲ್ಲದಂತೆ ಬಿಡಿಸಿ ಬರೆಯಲು ನಡುವೆ ಕೂರಿಸುವ ಕಾಣದ ಚಿಹ್ನೆಯೂ ಎಣಿಕೆಗೆ ಸಿಗುತ್ತದೆ. ಹೀಗಾಗಿ ಇಂಗ್ಲಿಷಿನಲ್ಲಿ ಆರಾಮವಾಗಿ ಹಿಡಿಸಿದ್ದ ಮಾತು ಕನ್ನಡಕ್ಕೆ ಬಂದಾಗ ಸುಲಭಕ್ಕೆ ಮಿತಿ ಮೀರುತ್ತದೆ.

ಬೆರಳಲ್ಲಿ ಎಣಿಸಬೇಕಿಲ್ಲ. ಬರಹವನ್ನು ಎಕ್ಸೆಲ್‌ನ ಒಂದು ಮನೆಯಲ್ಲಿ ಇಟ್ಟು ಪಕ್ಕದ ಮನೆಯಲ್ಲಿ ಇಷ್ಟು ಬರೆದರೆ ಸಾಕು:

```
=LEN(A2)
```

ನಮ್ಮ ಮಾದರಿಯ ಹೆಸರು 32 ಬರುತ್ತದೆ, ಕಿರು ವಿವರಣೆ 88. ಒಂದು ಎರಡು ಹೆಚ್ಚು, ಇನ್ನೊಂದು ಎಂಟು ಹೆಚ್ಚು. ಹೆಚ್ಚಾದುದನ್ನು ಸ್ಟೋರ್ ತಾನಾಗಿ ಕತ್ತರಿಸುವುದಿಲ್ಲ. ಮಿತಿ ಮೀರಿದೆ ಎಂದು ತೋರಿಸಿ ತೆಗೆದುಕೊಳ್ಳಲು ಒಪ್ಪುವುದಿಲ್ಲ. ಕತ್ತರಿ ಬೀಳುವುದು ಅದಕ್ಕೂ ಮೊದಲು. ಹತ್ತಾರು ಭಾಷೆಗಳ ವಿವರಣೆಯನ್ನು ಒಂದೇ ಪಟ್ಟಿಯಲ್ಲಿ ಇಟ್ಟುಕೊಂಡವರು, ಯಾವುದೂ ತಿರಸ್ಕಾರವಾಗದಿರಲಿ ಎಂದು, ಮೊದಲ 80 ಅಕ್ಷರ ಮಾತ್ರ ತೆಗೆದುಕೊಳ್ಳುವ ಸೂತ್ರ ಹಾಕಿಬಿಡುತ್ತಾರೆ. ಕನ್ನಡ ಬಾರದ ಯಾರೋ ಅಳತೆ ನೋಡಿ ಕೊನೆಯಿಂದ ಅಳಿಸುವುದೂ ಉಂಟು.

ಹಾಗೆ ಕತ್ತರಿಸಿದರೆ ಏನಾಗುತ್ತದೆ? ಹೆಸರು 30ಕ್ಕೆ ನಿಂತು ‘ಉದ್ರಿ ಲೆಕ್ಕ: ಅಂಗಡಿ ಸಾಲದ ನಂ.1 ಆ’ ಎಂದಾಗುತ್ತದೆ. ಈ ತಪ್ಪು ಯಾರ ಕಣ್ಣಿಗೂ ಬೀಳುತ್ತದೆ, ಹಾಗಾಗಿ ಅಪಾಯ ಕಡಿಮೆ. ಕಿರು ವಿವರಣೆ ಮಾತ್ರ 80ಕ್ಕೆ ಸರಿಯಾಗಿ ಪದದ ಅಂಚಿನಲ್ಲೇ ನಿಲ್ಲುತ್ತದೆ: ‘…ಅತ್ಯಂತ ಸುರಕ್ಷಿತ, ಸಂಪೂರ್ಣ’. ಅರ್ಧ ಅಕ್ಷರವಿಲ್ಲ, ತುಂಡಾದ ಒತ್ತಿಲ್ಲ. ಓದಿದವರಿಗೆ ಆಪ್ ಸುರಕ್ಷಿತವೂ ಹೌದು, ಸಂಪೂರ್ಣವೂ ಹೌದು ಎಂಬ ಅರ್ಥ ಬರುತ್ತದೆ. ಮೂಲದಲ್ಲಿ ‘ಸಂಪೂರ್ಣ’ ಎಂಬುದು ‘ಉಚಿತ’ಕ್ಕೆ ಸೇರಿದ್ದ ಮಾತು. ಇಂಥ ಅಚ್ಚುಕಟ್ಟಾದ ಕತ್ತರಿಯೇ ಹೆಚ್ಚು ಕಾಲ ಸಿಕ್ಕಿಬೀಳದೆ ಉಳಿಯುತ್ತದೆ. ಅದನ್ನು ಹಿಡಿಯಲು ಒಂದೇ ದಾರಿ: ಸ್ಟೋರ್‌ನಲ್ಲಿರುವ ಬರಹವನ್ನು ಮೂಲದ ಪಕ್ಕದಲ್ಲಿಟ್ಟು ಕೊನೆಯ ಪದಗಳನ್ನು ಹೋಲಿಸುವುದು. ಉದ್ದ ಸರಿಯಾಗಿ 30, 80, 4000ಕ್ಕೆ ನಿಂತ ಬರಹ ಕಂಡರೆ, ಅದು ಯಾರೋ ಎಚ್ಚರದಿಂದ ಅಳೆದದ್ದೋ ಕತ್ತರಿ ಬಿದ್ದದ್ದೋ ಎಂದು ಮೊದಲು ನೋಡಬೇಕು.

ಕನ್ನಡದಲ್ಲಿ ಬಾಲ ಹೋಗುವುದು ಇನ್ನೊಂದು ಕಾರಣಕ್ಕೂ ಅಪಾಯ. ನಮ್ಮ ವಾಕ್ಯದಲ್ಲಿ ಹೌದೋ ಅಲ್ಲವೋ ತಿಳಿಯುವುದು ಕೊನೆಗೆ. ‘ಗ್ರಾಹಕರ ಫೋನ್ ನಂಬರನ್ನು ಬೇರೆಯವರಿಗೆ ಕೊಡುವುದಿಲ್ಲ’ ಎಂಬ ಮಾತಿನಲ್ಲಿ ಪೂರ್ತಿ ಭರವಸೆ ಇರುವುದು ‘ಇಲ್ಲ’ದಲ್ಲಿ. ಬಳಕೆದಾರರ ಪರದೆ ಚಿಕ್ಕದಾಗಿದ್ದು ಸಾಲು ‘ಬೇರೆಯವರಿಗೆ ಕೊಡು…’ ಎಂದು ಮೂರು ಚುಕ್ಕಿಗೆ ನಿಂತರೆ ಆ ಭರವಸೆ ಅವರಿಗೆ ತಲುಪಲೇ ಇಲ್ಲ. ಇದು ಎರಡನೆಯ ಬಗೆಯ ಕತ್ತರಿ. ಮಿತಿಯೊಳಗೇ ಇರುವ ಬರಹಕ್ಕೂ ಬೀಳುತ್ತದೆ. ವಿವರಣೆಯ ಮೊದಲ ಕೆಲವು ಸಾಲು ಮಾತ್ರ ತೋರಿಸಿ ಉಳಿದದ್ದಕ್ಕೆ ಮತ್ತೊಮ್ಮೆ ಒತ್ತಬೇಕಾಗುವಂತೆ ಸ್ಟೋರ್‌ಗಳು ಪುಟವನ್ನು ಜೋಡಿಸಿವೆ. ಕನ್ನಡ ಅಕ್ಷರಗಳು ಅಗಲ ಬೇರೆ. ವಯಸ್ಸಾದವರು ಫೋನಿನಲ್ಲಿ ಅಕ್ಷರದ ಗಾತ್ರವನ್ನು ದೊಡ್ಡದು ಮಾಡಿಕೊಂಡಿರುತ್ತಾರೆ. ಅವರಿಗೆ ಸಾಲು ಇನ್ನೂ ಬೇಗ ಮುಗಿಯುತ್ತದೆ. ಆದ್ದರಿಂದ ಕೊನೆಯ ಪರೀಕ್ಷೆ ದೊಡ್ಡ ಕಂಪ್ಯೂಟರ್ ಪರದೆಯ ಮೇಲೆ ಮುಗಿಯಬಾರದು. ಚಿಕ್ಕ ಫೋನೊಂದರಲ್ಲಿ ಅಕ್ಷರವನ್ನು ದೊಡ್ಡದಾಗಿಸಿ ನೋಡಬೇಕು, ಚುಕ್ಕಿ ಎಲ್ಲಿ ಬೀಳುತ್ತದೆ ಎಂದು ಗುರುತು ಹಾಕಿಕೊಳ್ಳಬೇಕು. ಷರತ್ತು, ನಿರಾಕರಣೆ, ಬೆಲೆ ಇವು ಆ ಗುರುತಿಗಿಂತ ಮುಂಚೆ ಬಂದಿರಬೇಕು.

ಮಾದರಿಗೆ ಮರಳೋಣ. ಅಳತೆಗೆ ಕೈಹಾಕುವ ಮೊದಲು ಮಾಡಬೇಕಾದದ್ದು ಮಾತಿನ ಪರೀಕ್ಷೆ. ಅದಕ್ಕೆ ಆಪ್ ಕೈಯಲ್ಲಿರಬೇಕು. ವಿವರಣೆಯನ್ನು ಮಾತ್ರ ಓದಿ ಉತ್ಪ್ರೇಕ್ಷೆ ಹಿಡಿಯುತ್ತೇನೆ ಎನ್ನುವವರು ‘ಅತ್ಯಂತ’, ‘ಅದ್ಭುತ’ಗಳನ್ನು ಅಳಿಸಬಲ್ಲರು ಅಷ್ಟೆ. ನಿಜವಾದ ಪ್ರಶ್ನೆ ಒಂದೇ: ಈ ಮಾತು ಆಪ್‌ನ ಯಾವ ಪರದೆಯಲ್ಲಿ ಕಾಣುತ್ತದೆ? ಪ್ರತಿ ಮಾತಿನ ಎದುರು ಆ ಪರದೆಯ ಹೆಸರು ಬರೆಯುತ್ತಾ ಹೋದರೆ, ಏನೂ ಬರೆಯಲಾಗದೆ ಖಾಲಿ ಉಳಿದ ಸಾಲುಗಳೇ ಉತ್ಪ್ರೇಕ್ಷೆಗಳು.

‘ನಂ.1’ರ ಎದುರು ಬರೆಯಲು ಏನೂ ಇಲ್ಲ. ಅದೂ ಅಲ್ಲದೆ ಗೂಗಲ್ ಪ್ಲೇಯ ನಿಯಮದ ಪ್ರಕಾರ ಹೆಸರಿನಲ್ಲಿ ಸ್ಥಾನಮಾನ, ಬೆಲೆ, ರಿಯಾಯಿತಿ, ಡೌನ್‌ಲೋಡ್ ಸಂಖ್ಯೆಗಳನ್ನು ಸೂಚಿಸುವ ಮಾತು ಹಾಕುವಂತಿಲ್ಲ. ಹೆಸರನ್ನು 30ಕ್ಕೆ ಇಳಿಸಿದ 2021ರ ಬದಲಾವಣೆಯ ಜೊತೆಗೇ ಬಂದ ನಿಯಮವಿದು. ಎಮೋಜಿಗೂ ಅಲ್ಲಿ ಜಾಗವಿಲ್ಲ. ಆಪ್ ಮಾಡಿದವರು ಸಾಮಾನ್ಯವಾಗಿ ಕೇಳುವುದು ಹೀಗೆ: ‘ಸರ್, ನಂ.1 ಅಂತ ಹಾಕ್ದೇ ಇದ್ರೆ ಜನ ನೋಡೋದಾದ್ರೂ ಹೇಗೆ?’ ಅವರ ಆತಂಕ ಸುಳ್ಳಲ್ಲ, ಪೈಪೋಟಿ ಇದೆ. ಆದರೆ ಅಂಗಡಿಯವರು ಹುಡುಕುವುದು ಒಂದನೆಯ ಸ್ಥಾನದ ಆಪನ್ನಲ್ಲ, ಉದ್ರಿ ಬರೆಯುವ ಆಪನ್ನು. ‘ನಂ.1’ ಹಿಡಿದಿದ್ದ ಜಾಗಕ್ಕೆ ಕೆಲಸ ಹೇಳುವ ಪದ ಬಂದರೆ ಅವರಿಗೆ ಸಿಗುವ ಸಾಧ್ಯತೆಯೇ ಹೆಚ್ಚು.

ಹೆಸರಿನಲ್ಲಿ ಇನ್ನೊಂದು ತೊಡಕಿದೆ, ಅದು ಅಷ್ಟು ಸುಲಭಕ್ಕೆ ಕಾಣುವುದಿಲ್ಲ. ‘ಸಾಲ’ ಎಂಬ ಪದ. ಆಪ್ ಸಾಲ ಕೊಡುವುದಿಲ್ಲ, ಗ್ರಾಹಕರ ಬಾಕಿ ಬರೆದಿಡುತ್ತದೆ. ಸಾಲ ಬೇಕೆಂದು ಹುಡುಕುವವರಿಗೆ ಈ ಹೆಸರು ಕಂಡರೆ ಅವರು ತಪ್ಪು ತಿಳಿದು ಇನ್‌ಸ್ಟಾಲ್ ಮಾಡುತ್ತಾರೆ, ಆಮೇಲೆ ಸಿಟ್ಟಿನಿಂದ ಒಂದು ನಕ್ಷತ್ರ ಕೊಡುತ್ತಾರೆ. ಸಾಲ ಕೊಡುವ ಆಪ್‌ಗಳಿಗೆ ಗೂಗಲ್ ಪ್ಲೇ ಬೇರೆಯೇ ನಿಯಮ ಇಟ್ಟಿದೆ: ತೀರಿಸಲು ಕನಿಷ್ಠ ಮತ್ತು ಗರಿಷ್ಠ ಎಷ್ಟು ಕಾಲ, ವರ್ಷಕ್ಕೆ ಗರಿಷ್ಠ ಬಡ್ಡಿ ಎಷ್ಟು, ಒಟ್ಟು ಎಷ್ಟಾಗುತ್ತದೆ ಎಂಬುದಕ್ಕೆ ಒಂದು ಉದಾಹರಣೆ, ಇವೆಲ್ಲ ವಿವರಣೆಯಲ್ಲಿ ಇರಲೇಬೇಕು. ಲೆಕ್ಕದ ಆಪ್ ಆ ಗುಂಪಿನದೆಂಬ ಭಾವನೆ ಹುಟ್ಟಿಸುವುದು ಯಾರಿಗೂ ಒಳ್ಳೆಯದಲ್ಲ. ‘ಉದ್ರಿ ಲೆಕ್ಕ: ಅಂಗಡಿ ಬಾಕಿ ಪುಸ್ತಕ’ ಎಂದರೆ ವಿಷಯ ನೇರವಾಯಿತು. ಎಣಿಸಿದರೆ ಸರಿಯಾಗಿ 30.

ಇನ್ನು ‘ಸಂಪೂರ್ಣ ಉಚಿತ’. ಆಪ್ ತೆರೆದು ಗ್ರಾಹಕರನ್ನು ಸೇರಿಸುತ್ತಾ ಹೋದರೆ 51ನೆಯ ಹೆಸರಿಗೆ ಹಣ ಕೇಳುವ ಪರದೆ ಬರುತ್ತದೆ ಎಂದಿಟ್ಟುಕೊಳ್ಳಿ. ಅಲ್ಲಿಗೆ ‘ಸಂಪೂರ್ಣ’ ಸುಳ್ಳಾಯಿತು, ‘ಉಚಿತ’ ಷರತ್ತಿಗೆ ಒಳಪಟ್ಟಿತು. ಷರತ್ತು ಪೂರ್ಣ ವಿವರಣೆಯ ತಳದಲ್ಲಿ ಎಲ್ಲೋ ಇದೆ ಎಂಬುದು ಸಮಾಧಾನವಲ್ಲ. ದಾರಿ ತಪ್ಪಿಸುವ ಜಾಹೀರಾತುಗಳನ್ನು ತಡೆಯಲು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜೂನ್‌ನಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ಇದಕ್ಕೆ ನೇರ ಉತ್ತರವಿದೆ. ಷರತ್ತಿನ ಸೂಚನೆ ಮುಖ್ಯ ವಿಷಯವನ್ನು ಮರೆಮಾಡಬಾರದು, ಮುಖ್ಯ ಮಾತಿಗೆ ವಿರುದ್ಧವಾಗಬಾರದು, ಮತ್ತು ಮುಖ್ಯ ಮಾತು ಯಾವ ಭಾಷೆಯಲ್ಲಿದೆಯೋ ಅದೇ ಭಾಷೆಯಲ್ಲಿರಬೇಕು. ‘ಉಚಿತ’ ಎಂದು ಕನ್ನಡದಲ್ಲಿ ದೊಡ್ಡದಾಗಿ ಬರೆದು ಷರತ್ತನ್ನು ಇಂಗ್ಲಿಷಿನಲ್ಲಿ ಬಿಡುವ ಅಭ್ಯಾಸ ಕನ್ನಡ ಓದುಗರಿಗೆ ಮಾಡುವ ಅನ್ಯಾಯ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಜಾಹೀರಾತು ಎಂಬುದರೊಳಗೆ ಅಂತರ್ಜಾಲದಲ್ಲಿ ಮಾಡುವ ಪ್ರಚಾರವನ್ನೂ ಸೇರಿಸಿಕೊಂಡಿದೆ.

‘ಅತ್ಯಂತ ಸುರಕ್ಷಿತ’ದ ಎದುರು ಏನು ಬರೆಯಬಹುದು? ಆಪ್ ತೆರೆಯಲು ಪಿನ್ ಕೇಳುತ್ತದೆಯೇ? ಫೋನ್ ಕಳೆದರೆ ಲೆಕ್ಕ ಮರಳಿ ಸಿಗುತ್ತದೆಯೇ? ಗೂಗಲ್ ಪ್ಲೇಯ ಅದೇ ಪುಟದಲ್ಲಿ ‘ಡೇಟಾ ಸೇಫ್ಟಿ’ ಎಂಬ ಭಾಗವಿದೆ. ಯಾವ ಮಾಹಿತಿ ಸಂಗ್ರಹಿಸುತ್ತೇವೆ, ಯಾರೊಂದಿಗೆ ಹಂಚಿಕೊಳ್ಳುತ್ತೇವೆ ಎಂದು ಆಪ್‌ನವರೇ ಅಲ್ಲಿ ಘೋಷಿಸಿರಬೇಕು. ವಿವರಣೆ ಒಂದು ಹೇಳಿ ಆ ಭಾಗ ಇನ್ನೊಂದು ಹೇಳಿದರೆ ತಿದ್ದುವವರು ಅಲ್ಲೇ ನಿಲ್ಲಬೇಕು. ಪಿನ್ ಇದ್ದರೆ ‘ಪಿನ್ ಬೀಗ ಇದೆ’ ಎನ್ನಬಹುದು. ಅದು ಪರೀಕ್ಷಿಸಬಹುದಾದ ಮಾತು. ‘ಅತ್ಯಂತ ಸುರಕ್ಷಿತ’ವನ್ನು ಪರೀಕ್ಷಿಸಲು ಯಾರಿಂದಲೂ ಆಗದು.

ಉದ್ರಿಯ ಲೆಕ್ಕದಲ್ಲಿ ಉತ್ಪ್ರೇಕ್ಷೆಯ ನಷ್ಟ ಹೆಚ್ಚೆಂದರೆ ಸಮಯ, ಸ್ವಲ್ಪ ಹಣ. ಆರೋಗ್ಯದಲ್ಲಿ ಹಾಗಲ್ಲ. 2014ರ ಜೂನ್‌ನಿಂದ 2015ರ ಜುಲೈವರೆಗೆ ಆಪಲ್‌ನ ಆಪ್ ಸ್ಟೋರ್‌ನಲ್ಲಿ ‘ಇನ್‌ಸ್ಟಂಟ್ ಬ್ಲಡ್ ಪ್ರೆಶರ್’ ಎಂಬ ಆಪ್ ಮಾರಾಟದಲ್ಲಿತ್ತು. ತೋಳಿಗೆ ಕಟ್ಟುವ ಪಟ್ಟಿಯೇ ಬೇಡ, ಫೋನನ್ನು ಎದೆಗಿಟ್ಟು ಬೆರಳನ್ನು ಕ್ಯಾಮೆರಾಕ್ಕೆ ಒತ್ತಿದರೆ ರಕ್ತದೊತ್ತಡ ತಿಳಿಯುತ್ತದೆ ಎಂಬುದು ಅದರ ಪ್ರಚಾರ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಸಂಶೋಧಕರು ಅದನ್ನು ಪರೀಕ್ಷಿಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಂಡದ್ದು: ಅಳತೆಯಲ್ಲಿ ರಕ್ತದೊತ್ತಡ ಹೆಚ್ಚಿದ್ದವರ ಪೈಕಿ ಸುಮಾರು ಐವರಲ್ಲಿ ನಾಲ್ವರಿಗೆ ಆಪ್ ಅದನ್ನು ಹಿಡಿಯದೆ ಹೋಗಿತ್ತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್, ಪಟ್ಟಿ ಕಟ್ಟಿ ಅಳೆದಷ್ಟೇ ನಿಖರ ಎಂಬ ಮಾತು ದಾರಿ ತಪ್ಪಿಸುವಂಥದು ಎಂದು ಆರೋಪಿಸಿದ ಪ್ರಕರಣ ಇತ್ಯರ್ಥವಾಯಿತು. ಸುಳ್ಳು ಅಂಕಿ ನೋಡಿ ಮಾತ್ರೆ ಬಿಟ್ಟವರ ಗತಿ ಏನಾಗಬಹುದು ಎಂದು ಯೋಚಿಸಿದರೆ ಆ ‘ಅಷ್ಟೇ ನಿಖರ’ ಎಂಬ ಎರಡು ಪದಗಳ ಭಾರ ತಿಳಿಯುತ್ತದೆ. ಫೋನಿನ ಸೆನ್ಸರ್‌ಗಳಿಂದಲೇ ರಕ್ತದೊತ್ತಡ, ಸಕ್ಕರೆ ಅಂಶ, ದೇಹದ ಉಷ್ಣತೆ ಅಳೆಯುತ್ತೇವೆ ಎನ್ನುವ ಆಪ್‌ಗಳಿಗೆ ಆಪಲ್‌ನ ನಿಯಮ ಈಗ ಅವಕಾಶವನ್ನೇ ಕೊಡುವುದಿಲ್ಲ. ವಿವರಣೆಯಲ್ಲಿ ‘ಅಳೆಯುತ್ತದೆ’ ಎಂಬ ಕ್ರಿಯಾಪದ ಕಂಡಾಗಲೆಲ್ಲ, ನಿಜವಾಗಿ ಅಳೆಯುತ್ತದೆಯೋ ಅಥವಾ ಬೇರೆ ಉಪಕರಣದಲ್ಲಿ ಅಳೆದದ್ದನ್ನು ಬರೆದಿಡಲು ಜಾಗ ಕೊಡುತ್ತದೆಯೋ ಎಂದು ಕೇಳಲೇಬೇಕು. ಬಹಳ ಸಲ ಉತ್ತರ ಎರಡನೆಯದು.

ಈಗ ಮರುಕಳಿಸುವ ಪದಗಳಿಗೆ ಬರೋಣ. ನಮ್ಮ ಆಪ್‌ನ ಪೂರ್ಣ ವಿವರಣೆಯ ಮೊದಲ ವಾಕ್ಯ ಕರಡಿನಲ್ಲಿ ಹೀಗಿದೆ ಎನ್ನಿ: ‘ಸಾಲದ ಲೆಕ್ಕ ಬರೆಯಲು, ಸಾಲ ವಸೂಲಿಗೆ, ಸಾಲಗಾರರ ಪಟ್ಟಿಗೆ, ಸಾಲದ ನೆನಪೋಲೆಗೆ ಅತ್ಯುತ್ತಮ ಸಾಲ ಲೆಕ್ಕದ ಆಪ್.’ ಇದು ಅಜಾಗರೂಕತೆಯಲ್ಲ, ಬೇಕೆಂದೇ ಬರೆದದ್ದು. ಗೂಗಲ್ ಪ್ಲೇ ಹುಡುಕಾಟಕ್ಕೆ ಪೂರ್ಣ ವಿವರಣೆಯ ಪದಗಳನ್ನೂ ಗಮನಿಸುತ್ತದೆ, ಆದ್ದರಿಂದ ಪದ ಹೆಚ್ಚು ಸಲ ಬಂದಷ್ಟೂ ಮೇಲೆ ಕಾಣುತ್ತೇವೆ ಎಂಬ ನಂಬಿಕೆ. ಆದರೆ ಅನಗತ್ಯವಾಗಿ ಮರುಕಳಿಸುವ ಪದಗಳನ್ನೂ ಬರಿ ಪದಗಳ ಪಟ್ಟಿಯನ್ನೂ ಅದೇ ಗೂಗಲ್‌ನ ನಿಯಮ ನಿಷೇಧಿಸುತ್ತದೆ. ಆಪ್ ತಿರಸ್ಕಾರವಾಗಲು ಅದು ಸಾಕು. ಆಪಲ್‌ನಲ್ಲಂತೂ ಹುಡುಕಾಟದ ಪದಗಳಿಗೆ 100ರ ಮಿತಿಯ ಬೇರೆ ಜಾಗವೇ ಇದೆ. ಹೆಸರಿನಲ್ಲಿರುವ ಪದವನ್ನು ಅಲ್ಲಿ ಮತ್ತೆ ಹಾಕಿದರೆ ಜಾಗ ವ್ಯರ್ಥ.

ಕನ್ನಡದಲ್ಲಿ ಈ ತಪ್ಪನ್ನು ಯಂತ್ರದ ಕಣ್ಣಿಗೆ ಬಿಡಲಾಗದು. ಪದ ಎಷ್ಟು ಸಲ ಬಂದಿದೆ ಎಂದು ಎಣಿಸುವ ಸಾಮಾನ್ಯ ಸಾಧನಗಳು ಸಾಲ, ಸಾಲದ, ಸಾಲಕ್ಕೆ, ಸಾಲಗಾರರ ಎಂಬವನ್ನು ನಾಲ್ಕು ಬೇರೆ ಪದಗಳೆಂದು ಲೆಕ್ಕ ಹಾಕುತ್ತವೆ. ವಿಭಕ್ತಿ ಕಳಚಿ ಮೂಲರೂಪ ಹುಡುಕಬೇಕು: ಹುಡುಕುವ ಪೆಟ್ಟಿಗೆಯಲ್ಲಿ ‘ಸಾಲ’ ಎಂದಷ್ಟೇ ಹಾಕಿದರೆ ಎಲ್ಲವೂ ಹೊಳೆಯುತ್ತವೆ. ‘ಸಾಲು’, ‘ಸಾಲದು’ ಕೂಡ ಸಿಕ್ಕಿಬೀಳುತ್ತವೆ, ಅವನ್ನು ಕಣ್ಣಲ್ಲೇ ಬಿಟ್ಟುಬಿಡಬಹುದು. ಮೇಲಿನ ಒಂದೇ ವಾಕ್ಯದಲ್ಲಿ ಐದು ಸಿಗುತ್ತವೆ. ರೂಪ ಬೇರೆಯಾದರೂ ಅರ್ಥ ಒಂದೇ ಆದ ಮಾತುಗಳೂ ಮರುಕಳಿಕೆಯೇ: ತ್ವರಿತ, ಕ್ಷಿಪ್ರ, ಬೇಗನೆ ಎಂದು ಒಂದೇ ವಿವರಣೆಯಲ್ಲಿ ಮೂರೂ ಇದ್ದರೆ ಹೇಳಿದ್ದು ಒಂದೇ ವಿಷಯ. ಇದನ್ನು ಹಿಡಿಯಲು ಓದುವ ಮನುಷ್ಯನೇ ಬೇಕು.

ಹುಡುಕಿದರೂ ಸಿಗದ ಪದಗಳಿರುತ್ತವೆ. ‘ಅ೦ಗಡಿ’ ಎಂದು ಬರೆದದ್ದು ಕಣ್ಣಿಗೆ ಸರಿಯಾಗಿಯೇ ಕಾಣುತ್ತದೆ, ಆದರೆ ನಾನಿಲ್ಲಿ ನಡುವೆ ಹಾಕಿರುವುದು ಅನುಸ್ವಾರವಲ್ಲ, ಕನ್ನಡದ ಸೊನ್ನೆ. ಎರಡೂ ಒಂದೇ ದುಂಡಗಿನ ರೂಪ, ಕಂಪ್ಯೂಟರ್‌ಗೆ ಮಾತ್ರ ಎರಡು ಬೇರೆ ಚಿಹ್ನೆಗಳು. ಅವಸರದಲ್ಲಿ ಬೆರಳಚ್ಚು ಮಾಡಿದ ಬರಹದಲ್ಲಿ ಈ ತಪ್ಪು ನುಸುಳುತ್ತದೆ. ಅಂಥ ಪದವನ್ನು ನಮ್ಮ ಹುಡುಕಾಟವೂ ಹಿಡಿಯದು, ಸ್ಟೋರ್‌ನಲ್ಲಿ ‘ಅಂಗಡಿ’ ಎಂದು ಸರಿಯಾಗಿ ಹಾಕಿದವರ ಹುಡುಕಾಟಕ್ಕೂ ಅದು ಹೊಂದುವುದಿಲ್ಲ. ಕರಡು ಕೈಗೆ ಬಂದ ಕೂಡಲೇ ಸೊನ್ನೆಯನ್ನು ಹುಡುಕಿ, ಅಂಕಿಗಳ ನಡುವೆ ಇಲ್ಲದವನ್ನೆಲ್ಲ ಅನುಸ್ವಾರಕ್ಕೆ ಬದಲಿಸಿಕೊಂಡರೆ ಮುಂದಿನ ಕೆಲಸ ನಂಬಿಕೆಯಿಂದ ಮಾಡಬಹುದು.

ತಿದ್ದಿದ ಕಿರು ವಿವರಣೆ ಈಗ ಬರೆಯಬಹುದು. ಕರಡಿನಲ್ಲಿ ಎರಡು ‘ಸುಲಭವಾಗಿ’ಗಳು ತಮ್ಮ ಖಾಲಿ ಜಾಗದ ಸಮೇತ 18 ಸ್ಥಾನ ತಿಂದಿದ್ದವು. ಕೈಬಿಟ್ಟುಹೋಗಿದ್ದ ಷರತ್ತು, ‘50 ಗ್ರಾಹಕರವರೆಗೆ’, ಕೇಳುವುದು 15. ಷರತ್ತಿಗೆ ಜಾಗ ಇರಲಿಲ್ಲ ಎಂಬ ವಾದ ಅಲ್ಲಿಗೆ ನಿಲ್ಲುವುದಿಲ್ಲ. ನೆಟ್ ಇಲ್ಲದಾಗ ಆಪ್ ಏನು ಮಾಡುತ್ತದೆ ಎಂಬುದು ಹಳ್ಳಿಯ ಅಂಗಡಿಯವರಿಗೆ ಮುಖ್ಯ, ಅದನ್ನೂ ಸೇರಿಸಬೇಕು. ಮೊದಲಿಗೆ ‘ನೆಟ್ ಬೇಕಿಲ್ಲ’ ಎಂದು ಬರೆಯುವ ಆಸೆಯಾಗುತ್ತದೆ. ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ ನೋಡಿದರೆ, ಉದ್ರಿ ಬರೆಯುವುದು ನಡೆಯುತ್ತದೆ, ಬ್ಯಾಕಪ್ ನಡೆಯುವುದಿಲ್ಲ ಎನ್ನಿ. ಹಾಗಿದ್ದರೆ ‘ನೆಟ್ ಇಲ್ಲದೆಯೂ ಬರೆಯಬಹುದು’ ಎನ್ನುವುದಷ್ಟೇ ನಿಜ. ಜೋಡಿಸಿದಾಗ 81 ಬಂತು. ‘ಅಂಗಡಿಯ’ ಎಂಬುದನ್ನು ‘ಅಂಗಡಿ’ ಮಾಡಿದರೆ 80:

ಅಂಗಡಿ ಉದ್ರಿ ಬರೆದಿಡಿ, ಬಾಕಿ ನೆನಪಿಸಿ. 50 ಗ್ರಾಹಕರವರೆಗೆ ಉಚಿತ. ನೆಟ್ ಇಲ್ಲದೆಯೂ ಬರೆಯಬಹುದು

‘ಬರೆ’ ಎಂಬ ಧಾತು ಇಲ್ಲಿ ಎರಡು ಸಲ ಬಂದಿದೆ, ಅದನ್ನು ನಾನು ಬಿಡುತ್ತೇನೆ. ಎರಡನೆಯದು ತೆಗೆದರೆ ನೆಟ್ ಇಲ್ಲದೆ ಎಲ್ಲವೂ ನಡೆಯುತ್ತದೆ ಎಂಬ ಅರ್ಥ ಬಂದುಬಿಡುತ್ತದೆ. ಮರುಕಳಿಕೆ ತಪ್ಪಾಗುವುದು ಅದು ಹೊಸದೇನನ್ನೂ ಹೇಳದಿದ್ದಾಗ. ‘ವಸೂಲಿ’ಯ ಬದಲು ‘ನೆನಪಿಸಿ’ ಬಂದದ್ದಕ್ಕೂ ಕಾರಣವಿದೆ: ಆಪ್ ಕಳಿಸುವುದು ಎಸ್‌ಎಂಎಸ್ ಮಾತ್ರ, ಹಣ ಕೊಡುವುದು ಬಿಡುವುದು ಗ್ರಾಹಕರಿಗೆ ಬಿಟ್ಟದ್ದು. ಷರತ್ತು ‘ಉಚಿತ’ಕ್ಕಿಂತ ಮುಂಚೆ ಇದೆ, ಆದ್ದರಿಂದ ಪರದೆಯಲ್ಲಿ ಚುಕ್ಕಿ ಎಲ್ಲಿ ಬಿದ್ದರೂ ‘ಉಚಿತ’ ಒಂದೇ ಉಳಿಯುವುದಿಲ್ಲ.

ಪೂರ್ಣ ವಿವರಣೆಯ ಮೊದಲ ವಾಕ್ಯವೂ ಹೀಗೆಯೇ ಇಳಿಯುತ್ತದೆ: ‘ಯಾರು ಎಷ್ಟು ಕೊಡಬೇಕೆಂದು ಹೆಸರಿನ ಪ್ರಕಾರ ಬರೆದಿಡಬಹುದು. ಗಡುವು ದಾಟಿದ ಬಾಕಿ ಕೆಂಪಗೆ ಕಾಣುತ್ತದೆ, ಅಲ್ಲಿಂದಲೇ ಎಸ್‌ಎಂಎಸ್ ಕಳಿಸಬಹುದು.’ 4000 ಅಕ್ಷರ ಸಿಕ್ಕಿದೆ ಎಂದು ತುಂಬಿಸಬೇಕಿಲ್ಲ. ಅನಾಮಧೇಯ ಹೊಗಳಿಕೆಗಳನ್ನು, ‘ತುಂಬಾ ಚೆನ್ನಾಗಿದೆ – ಒಬ್ಬ ಬಳಕೆದಾರ’ ಎಂಬಂಥವನ್ನು, ವಿವರಣೆಯಲ್ಲಿ ಹಾಕಲು ಗೂಗಲ್ ಬಿಡುವುದಿಲ್ಲ. ಅವನ್ನು ತೆಗೆದ ಮೇಲೆ ಬಹಳಷ್ಟು ವಿವರಣೆಗಳು ತಾವಾಗಿ ಹಗುರವಾಗುತ್ತವೆ.

ತಿದ್ದಿದ ಪ್ರತಿ ಸಲವೂ ಅಳತೆ ಮತ್ತೆ ನೋಡಬೇಕು, ಏಕೆಂದರೆ ಒಂದು ಒತ್ತಕ್ಷರ ಸೇರಿದರೂ ಮಿತಿ ದಾಟುತ್ತದೆ. ಆಮೇಲೆ ಆಪ್‌ನ ಪ್ರತಿ ಹೊಸ ಆವೃತ್ತಿಗೂ ಪರದೆಗಳ ಪಟ್ಟಿಯನ್ನು ಮತ್ತೆ ತೆರೆಯಬೇಕು. ಉಚಿತ ಗ್ರಾಹಕರ ಸಂಖ್ಯೆಯನ್ನು ಮಾಲೀಕರು 50ರಿಂದ 30ಕ್ಕೆ ಇಳಿಸಿದ ದಿನ ಇಂಗ್ಲಿಷ್ ಪುಟ ಬದಲಾಗುತ್ತದೆ, ಕನ್ನಡದ ಪುಟವನ್ನು ಯಾರೂ ಮುಟ್ಟುವುದಿಲ್ಲ. ಆದ್ದರಿಂದ ವಿವರಣೆಯಲ್ಲಿರುವ ಪ್ರತಿ ಅಂಕಿಯ ಪಕ್ಕದಲ್ಲಿ ಅದು ಯಾವ ಪರದೆಯಿಂದ ಬಂತು, ಯಾವ ದಿನ ನೋಡಿದ್ದು, ಬೇರೆ ಯಾವ ಭಾಷೆಯ ಪುಟಗಳಲ್ಲಿ ಇದೆ ಎಂದು ಬರೆದಿಟ್ಟುಕೊಳ್ಳುವುದು ಒಳ್ಳೆಯದು. ಅಂಕಿ ಬದಲಾದಾಗ ಯಾವ ಪುಟಗಳನ್ನು ತೆರೆಯಬೇಕು ಎಂದು ಆ ಪಟ್ಟಿಯೇ ಹೇಳುತ್ತದೆ.